ಐದನೇ ಸ್ಥಾನದ ಬೆಲೆ

2015ರ ಆಗಸ್ಟ್‌ನಲ್ಲಿ ಅಮೆರಿಕದ ವಿಸ್ಲಿಂಗ್ ಸ್ಟ್ರೇಟ್ಸ್ ಅಂಗಳದಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದವನು ಜೇಸನ್ ಡೇ. ಬೆಂಗಳೂರಿನಲ್ಲಿ ಪಳಗಿದ ನಮ್ಮ ಅನಿರ್ಬನ್ ಲಾಹಿರಿ, ಬ್ರೂಕ್ಸ್ ಕೆಪ್ಕಾ ಜೊತೆ ಐದನೇ ಸ್ಥಾನ ಹಂಚಿಕೊಂಡ. 156 ಜನರ ಕಣದಲ್ಲಿ ಅದು ದೊಡ್ಡ ಸಾಧನೆಯೇ. ಅವನ ಮೇಲೆ ‘ಈಚ್-ವೇ’ ಬಾಜಿ ಕಟ್ಟಿದ್ದವರಿಗೆ ಎಷ್ಟು ಸಿಗುತ್ತಿತ್ತು ಎಂಬುದು ಮಾತ್ರ ಬುಕ್ಕಿಯ ಷರತ್ತಿಗೆ ಬಿಟ್ಟದ್ದು.

ಬ್ರಿಟನ್‌ನಲ್ಲಿ ಇಂಥ ಬಾಜಿ ಕಾನೂನುಬದ್ಧ ವ್ಯವಹಾರ. (ನಮ್ಮಲ್ಲಿ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವುದನ್ನು 2025ರ ಕಾಯ್ದೆ ನಿಷೇಧಿಸಿದೆ.) ಈಚ್-ವೇ ಅಂದರೆ ಒಂದರೊಳಗೆ ಎರಡು ಬಾಜಿ. ಹತ್ತು ಪೌಂಡ್ ಈಚ್-ವೇ ಎಂದರೆ ಕೈಬಿಡುವುದು ಇಪ್ಪತ್ತು ಪೌಂಡ್. ಅದರಲ್ಲಿ ಹತ್ತು ಆಟಗಾರ ಗೆಲ್ಲುತ್ತಾನೆ ಎಂಬುದಕ್ಕೆ, ಹತ್ತು ಮೊದಲ ಕೆಲವು ಸ್ಥಾನಗಳಲ್ಲಿ ಬರುತ್ತಾನೆ ಎಂಬುದಕ್ಕೆ. ಕುದುರೆ ರೇಸಿನವರಿಗೆ ‘ವಿನ್’, ‘ಪ್ಲೇಸ್’ ಗೊತ್ತೇ ಇದೆ. ಈಚ್-ವೇಯಲ್ಲಿ ಪ್ಲೇಸ್‌ಗೆ ಬೇರೆ ದರ ಇರುವುದಿಲ್ಲ, ಗೆಲುವಿನ ದರದ ನಾಲ್ಕನೇ ಅಥವಾ ಐದನೇ ಒಂದು ಭಾಗವೇ ಅದರ ದರ.

ಲಾಹಿರಿಯ ದರ ಒಂದಕ್ಕೆ ನೂರು ಇತ್ತು ಎಂದು ಲೆಕ್ಕಕ್ಕಾಗಿ ಭಾವಿಸೋಣ. ಹಳೆಯ ಪದ್ಧತಿಯ ಷರತ್ತು ಐದು ಸ್ಥಾನ, ನಾಲ್ಕನೇ ಒಂದು ಭಾಗ. ಅಂದರೆ ಪ್ಲೇಸ್ ದರ ಒಂದಕ್ಕೆ ಇಪ್ಪತ್ತೈದು. ಆದರೆ ಉಳಿದ ಒಂದೇ ಸ್ಥಾನಕ್ಕೆ ಇಬ್ಬರು ಬಂದು ನಿಂತರಲ್ಲ, ಅಲ್ಲಿ ‘ಡೆಡ್ ಹೀಟ್’ ನಿಯಮ ಬರುತ್ತದೆ. ಹತ್ತರಲ್ಲಿ ಐದು ಪೌಂಡ್ ಸೋತ ಲೆಕ್ಕ, ಉಳಿದ ಐದಕ್ಕೆ ಮಾತ್ರ ಪೂರ್ತಿ ದರ. ಕೈಗೆ ಬರುವುದು 130 ಪೌಂಡ್. ಈಗ ಹೆಚ್ಚಾಗಿ ಕಾಣುವ ಎಂಟು ಸ್ಥಾನ, ಐದನೇ ಒಂದು ಭಾಗದ ಷರತ್ತಿನಲ್ಲಾದರೆ ದರ ಒಂದಕ್ಕೆ ಇಪ್ಪತ್ತಕ್ಕೆ ಇಳಿಯುತ್ತದೆ. ಆದರೆ ಐದು, ಆರು ಎರಡೂ ಸ್ಥಾನಗಳಿಗೆ ಹಣ ಇರುವುದರಿಂದ ಕಡಿತವಿಲ್ಲ, 210 ಪೌಂಡ್ ಪೂರ್ತಿ ಸಿಗುತ್ತದೆ. ನಾಲ್ಕನೆಯವನಾಗಿ ಒಬ್ಬನೇ ನಿಂತ ಜಸ್ಟಿನ್ ರೋಸ್‌ಗೆ ಹಣ ಕಟ್ಟಿದವನಿಗಾದರೆ ಹಳೆಯ ಷರತ್ತೇ ಲಾಭ. ಗಾಲ್ಫ್‌ನಲ್ಲಿ ಒಂದೇ ಸ್ಕೋರಿಗೆ ಹಲವರು ನಿಲ್ಲುವುದು ತೀರಾ ಸಾಮಾನ್ಯ. ಹಾಗಾಗಿ ಕೊನೆಯ ಸ್ಥಾನವನ್ನು ಪೂರ್ತಿ ಸ್ಥಾನವೆಂದು ಎಣಿಸಿಕೊಂಡವರ ಲೆಕ್ಕ ತಪ್ಪುತ್ತದೆ.

ಹಾಗಾದರೆ ಸ್ಥಾನ ಹೆಚ್ಚಿದಷ್ಟೂ ಒಳ್ಳೆಯದೇ? ಜಾಹೀರಾತುಗಳು ಹಾಗೆಂದೇ ನಂಬಿಸುತ್ತವೆ. ಅದೇ ಒಂದಕ್ಕೆ ನೂರರ ಆಟಗಾರ, ಎಂಟು ಸ್ಥಾನ ಎಂದುಕೊಳ್ಳಿ. ಪ್ಲೇಸ್ ಬಾಜಿ ನಷ್ಟವಾಗದಿರಬೇಕಾದರೆ ಅವನು 21 ಟೂರ್ನಿಗಳಿಗೆ ಒಮ್ಮೆಯಾದರೂ ಮೊದಲ ಎಂಟರೊಳಗೆ ಬರಬೇಕು. ಆದರೆ ಬುಕ್ಕಿಗಳು ತಮ್ಮ ಪಾಲನ್ನು ಹೆಚ್ಚಾಗಿ ಹಿಂಡುವುದು ಇಂಥ ದೂರದ ಆಟಗಾರರ ದರದಿಂದಲೇ. ಅವನ ನಿಜವಾದ ಗೆಲುವಿನ ಸಾಧ್ಯತೆ 200ಕ್ಕೆ ಒಂದು ಇದ್ದು, ಎಂಟರೊಳಗೆ ಬರುವ ಸಾಧ್ಯತೆ ಅದರ ಎಂಟು ಪಟ್ಟು ಇದ್ದರೆ, ಅದು 25ಕ್ಕೆ ಒಮ್ಮೆ ಆಯಿತು. ನಷ್ಟವೇ. ಹತ್ತು ಸ್ಥಾನ ಕೊಟ್ಟರೆ 20ಕ್ಕೆ ಒಮ್ಮೆ, ಕೂದಲೆಳೆಯಷ್ಟು ಲಾಭ. ಆದರೆ ಹತ್ತು ಸ್ಥಾನ ಕೊಡುವ ಅಂಗಡಿ ಗೆಲುವಿನ ದರವನ್ನು ಎಂಬತ್ತಕ್ಕೆ ಇಳಿಸಿದ್ದರೆ 17ಕ್ಕೆ ಒಮ್ಮೆ ಬರಬೇಕಾಗುತ್ತದೆ. ಕೊಟ್ಟ ಎರಡು ಸ್ಥಾನವನ್ನು ಇನ್ನೊಂದು ಕೈಯಿಂದ ವಾಪಸು ಪಡೆದಂತೆ! ಸ್ಥಾನಗಳ ಸಂಖ್ಯೆಗಿಂತ ಮೊದಲು ದರವನ್ನು ನಾಲ್ಕು ಕಡೆ ಹೋಲಿಸಿ ನೋಡಬೇಕಾದದ್ದು ಇದಕ್ಕೇ.

ಕಣದ ಗಾತ್ರದ ವಿಷಯ ಮೇಲ್ನೋಟಕ್ಕೆ ಸುಲಭ ಅನಿಸುತ್ತದೆ. ಓಪನ್‌ನಲ್ಲಿ 156 ಆಟಗಾರರು, ಮಾಸ್ಟರ್ಸ್‌ನಲ್ಲಿ ಸುಮಾರು ತೊಂಬತ್ತು. ತೊಂಬತ್ತರಲ್ಲಿ ಎಂಟು ಹೆಚ್ಚು ಅಗ್ಗ ಎಂದು ಅನಿಸುವುದು ಸಹಜ. ಎಲ್ಲರೂ ಸಮಬಲರಾಗಿದ್ದರೆ ಕಣ ಚಿಕ್ಕದಾದಂತೆ ಗೆಲುವಿನ ದರವೂ ಇಳಿದು, ಲಾಭ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ವ್ಯತ್ಯಾಸ ತರುವುದು ಕಣದ ಆಕಾರ. ಮಾಸ್ಟರ್ಸ್‌ನಲ್ಲಿ ಹಳೆಯ ಚಾಂಪಿಯನ್ನರು, ಹವ್ಯಾಸಿಗಳು ಹೆಸರಿಗಷ್ಟೇ ಇರುತ್ತಾರೆ. ಮೇಲ್ತುದಿಯಲ್ಲಿ ಸ್ಕಾಟಿ ಶೆಫ್ಲರ್‌ನಂಥವನಿದ್ದರೆ (2024ರಲ್ಲಿ ಅಲ್ಲಿ ಅವನು ಒಂದಕ್ಕೆ ನಾಲ್ಕರ ಆಸುಪಾಸಿನ ದರಕ್ಕೆ ಗೆದ್ದ) ಉಳಿದವರ ಗೆಲುವಿನ ಪಾಲನ್ನು ಅವನೊಬ್ಬನೇ ಐದನೇ ಒಂದರಷ್ಟು ನುಂಗುತ್ತಾನೆ. ಆದರೆ ಮೊದಲ ಎಂಟು ಸ್ಥಾನಗಳಲ್ಲಿ ಅವನಿಗೆ ಸಿಗುವುದು ಒಂದೇ ಕುರ್ಚಿ. ಹೀಗಾಗಿ ಉಳಿದವರ ಗೆಲುವಿನ ದರ ಉಬ್ಬುತ್ತದೆ, ಅದಕ್ಕೆ ಅಂಟಿಕೊಂಡ ಪ್ಲೇಸ್ ದರವೂ ಉಬ್ಬುತ್ತದೆ, ಅವರ ಪ್ಲೇಸ್ ಸಾಧ್ಯತೆ ಮಾತ್ರ ಅಷ್ಟು ಕುಗ್ಗುವುದಿಲ್ಲ. ಅದೇ ಶೆಫ್ಲರ್ ಮೇಲೆ ಈಚ್-ವೇ ಕಟ್ಟಿದರೆ ಉಲ್ಟಾ. ಐದನೇ ಒಂದು ಭಾಗದ ಲೆಕ್ಕದಲ್ಲಿ ಹತ್ತು ಪೌಂಡ್‌ಗೆ ಬರುವ ಲಾಭ ಎಂಟು ಪೌಂಡ್. ಅವನು ಎರಡನೆಯವನಾಗಿ ಬಂದರೂ ಒಟ್ಟು ಕಟ್ಟಿದ ಇಪ್ಪತ್ತರಲ್ಲಿ ಕೈಗೆ ಮರಳುವುದು ಹದಿನೆಂಟು.