ಶೌಚದ ಕಡ್ಡಿಯಲ್ಲಿ ಉಳಿದ ಪಯಣ

ರೇಷ್ಮೆ ಮಾರ್ಗದಲ್ಲಿ, ಚೀನಾದ ದುನ್‌ಹುವಾಂಗ್ ಬಳಿಯ ಷುವಾನ್‌ಚುವಾನ್‌ಜಿ ಎಂಬ ತಂಗುದಾಣದ ಶೌಚಗುಂಡಿಯಲ್ಲಿ 1992ರಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದಿನ ಶೌಚದ ಕಡ್ಡಿಗಳು ದೊರೆತವು. ತುದಿಗೆ ಸುತ್ತಿದ ಬಟ್ಟೆಯಲ್ಲಿ ಮಲ ಒಣಗಿ ಉಳಿದಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನವು ಅದರಲ್ಲಿ ಚೀನೀ ಯಕೃತ್‌ಕೃಮಿಯ ಮೊಟ್ಟೆಗಳನ್ನು ಗುರುತಿಸಿತು. ಈ ಕೃಮಿಯ ಮರಿ ಮೊದಲು ಸಿಹಿನೀರಿನ ಬಸವನಹುಳುವಿನಲ್ಲಿ, ಬಳಿಕ ಮೀನಿನಲ್ಲಿ ಬೆಳೆಯುತ್ತದೆ. ಆ ಮೀನನ್ನು ಹಸಿಯಾಗಿಯೋ ಅರೆಬೆಂದಂತೆಯೋ ತಿಂದವನ ಪಿತ್ತನಾಳದಲ್ಲಿ ಪ್ರೌಢವಾಗಿ ಮೊಟ್ಟೆಯಿಡುತ್ತದೆ. ಮರುಭೂಮಿಯಂಚಿನ ಒಣನೆಲದಲ್ಲಿ ಈ ಚಕ್ರ ಪೂರ್ಣಗೊಳ್ಳಲಾರದು. ಕೃಮಿ ಸಾಮಾನ್ಯವಾಗಿರುವ ಜೌಗುಸೀಮೆ ಅಲ್ಲಿಂದ ಸುಮಾರು 1,500 ಕಿಲೋಮೀಟರ್ ದೂರ. ಅಷ್ಟು ದೂರ ಹಸಿಮೀನನ್ನು ಸಾಗಿಸಿದರೆಂಬುದು ನಂಬಲಾಗದ ಮಾತು. ಸೋಂಕು ತಗುಲಿದವನೇ ಪಯಣಿಸಿ ಬಂದಿರಬೇಕು. ದುಂಡುಹುಳುವಿನ ಮೊಟ್ಟೆಗಳೂ ಅಲ್ಲಿದ್ದವು, ಆದರೆ ಅದು ಎಲ್ಲೆಡೆ ಹರಡಬಲ್ಲುದರಿಂದ ಪಯಣಕ್ಕೆ ಸಾಕ್ಷಿಯಾಗದು. ಬಂದವನು ವರ್ತಕನೋ, ಸೈನಿಕನೋ, ಅಧಿಕಾರಿಯೋ ಎಂಬುದನ್ನು ಮೊಟ್ಟೆ ಹೇಳದು.