ಒಂದು ಊರಿನಿಂದ ಬೆಳೆಯುವ ತಂತಿಜಾಲ

ಆರು ಊರುಗಳಿವೆ ಎಂದುಕೊಳ್ಳಿ. ಅವನ್ನು ಕ, ಖ, ಗ, ಘ, ಚ, ಛ ಎಂದು ಕರೆಯೋಣ. ಆರೂ ಊರುಗಳಿಗೆ ದೂರವಾಣಿ ತಂತಿ ಎಳೆಯಬೇಕು. ತಂತಿ ಎಳೆಯಲು ಸಾಧ್ಯವಿರುವ ದಾರಿಗಳು ಒಂಬತ್ತು. ಅವುಗಳ ಉದ್ದ ಕಿಲೋಮೀಟರುಗಳಲ್ಲಿ ಹೀಗಿದೆ:

ಕ–ಖ 4, ಕ–ಗ 7, ಕ–ಘ 9
ಖ–ಗ 2, ಖ–ಚ 8
ಗ–ಘ 5, ಗ–ಚ 6
ಘ–ಛ 3, ಚ–ಛ 10

ಒಂಬತ್ತು ದಾರಿಗಳಲ್ಲೂ ತಂತಿ ಎಳೆಯಬೇಕಾಗಿಲ್ಲ. ಯಾವ ಊರಿನಿಂದಲಾದರೂ ಬೇರೆ ಯಾವ ಊರಿಗಾದರೂ ತಂತಿಯ ಮೂಲಕ ತಲುಪುವಂತಿದ್ದರೆ ಸಾಕು. ಆರು ಊರುಗಳಿಗೆ ಐದು ತಂತಿಗಳು ಸಾಕಾಗುತ್ತವೆ. ಹಾಗಾದರೆ ಒಟ್ಟು ಉದ್ದ ಅತಿ ಕಡಿಮೆಯಾಗಬೇಕಾದರೆ ಯಾವ ಐದನ್ನು ಆರಿಸಬೇಕು?

ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ಪ್ರಿಮ್ 1957ರಲ್ಲಿ ಇದಕ್ಕೊಂದು ವಿಧಾನವನ್ನು ಪ್ರಕಟಿಸಿದರು. ಚೆಕ್ ಗಣಿತಜ್ಞ ಯಾರ್ನಿಕ್ ಇದೇ ವಿಧಾನವನ್ನು 1930ರಲ್ಲಿಯೇ ಕಂಡುಕೊಂಡಿದ್ದರು. ಆದರೂ ಅದಕ್ಕೆ ಪ್ರಿಮ್ ಅವರ ಹೆಸರೇ ಉಳಿದಿದೆ.

ವಿಧಾನ ಸರಳವಾದುದು. ಯಾವುದಾದರೂ ಒಂದು ಊರಿನಿಂದ ಪ್ರಾರಂಭಿಸಿ. ಜಾಲದ ಒಳಗಿರುವ ಊರಿನಿಂದ ಹೊರಗಿರುವ ಊರಿಗೆ ಹೋಗುವ ದಾರಿಗಳಲ್ಲಿ ಅತಿ ಚಿಕ್ಕದನ್ನು ಆರಿಸಿ. ಆ ಊರನ್ನು ಜಾಲಕ್ಕೆ ಸೇರಿಸಿ. ಎಲ್ಲ ಊರುಗಳೂ ಸೇರುವವರೆಗೆ ಇದನ್ನೇ ಮುಂದುವರಿಸಿ.

ಚಿಕ್ಕ ದಾರಿಯನ್ನೇ ಏಕೆ ಆರಿಸಬೇಕು? ಕ ಮಾತ್ರ ಒಳಗಿದೆ ಎನ್ನೋಣ. 4 ಕಿಲೋಮೀಟರಿನ ಕ–ಖ ತಂತಿಯನ್ನು ಬಿಟ್ಟು, ಕ–ಗ 7ರ ಮೂಲಕವೇ ಯಾರೋ ಜಾಲವನ್ನು ಪೂರ್ತಿ ಮಾಡಿದರು ಎಂದುಕೊಳ್ಳಿ. ಆ ಜಾಲಕ್ಕೆ ಕ–ಖ ತಂತಿಯನ್ನೂ ಸೇರಿಸಿದರೆ ಎಲ್ಲೋ ಒಂದು ಸುತ್ತು ಉಂಟಾಗುತ್ತದೆ. ಸುತ್ತಿನಲ್ಲಿ ಒಂದು ತಂತಿಯನ್ನು ತೆಗೆದರೂ ಸಂಪರ್ಕ ತಪ್ಪುವುದಿಲ್ಲ. ಹಾಗಾಗಿ 7ನ್ನು ತೆಗೆದುಬಿಡಬಹುದು. ಆಗ 3 ಕಿಲೋಮೀಟರು ಉಳಿತಾಯವಾಗುತ್ತದೆ. ಪ್ರತಿ ಹೆಜ್ಜೆಗೂ ಇದೇ ಕಾರಣ ಅನ್ವಯಿಸುತ್ತದೆ.

ಆದರೆ ಊರುಗಳು ಸಾವಿರಗಟ್ಟಲೆ ಇದ್ದರೆ, ಅತಿ ಚಿಕ್ಕ ದಾರಿಯನ್ನು ಪ್ರತಿ ಬಾರಿಯೂ ಹುಡುಕುವುದೇ ದೊಡ್ಡ ಕೆಲಸ. ಇಲ್ಲಿ ಬೈನರಿ ಹೀಪ್ ನೆರವಿಗೆ ಬರುತ್ತದೆ. ಹೀಪ್ ಎಂದರೆ ರಾಶಿ. ಇದನ್ನು ವಿಲಿಯಮ್ಸ್ ಎಂಬವರು 1964ರಲ್ಲಿ ಪರಿಚಯಿಸಿದರು. ಇದು ಕ್ರಮಸಂಖ್ಯೆ ಹಾಕಿದ ಮನೆಗಳ ಒಂದು ಸಾಲು. 1ನೇ ಮನೆಯ ಕೆಳಗೆ 2 ಮತ್ತು 3, 2ರ ಕೆಳಗೆ 4 ಮತ್ತು 5, 3ರ ಕೆಳಗೆ 6 ಮತ್ತು 7 ಇವೆ ಎಂದು ಭಾವಿಸಬೇಕು. ಇದರ ನಿಯಮ ಒಂದೇ: ಮೇಲಿನ ಮನೆಯ ಸಂಖ್ಯೆ ಕೆಳಗಿನ ಮನೆಗಳ ಸಂಖ್ಯೆಗಿಂತ ದೊಡ್ಡದಾಗಿರಬಾರದು. ಆದ್ದರಿಂದ ಅತಿ ಚಿಕ್ಕ ಸಂಖ್ಯೆ ಯಾವಾಗಲೂ 1ನೇ ಮನೆಯಲ್ಲಿಯೇ ಇರುತ್ತದೆ. ಉಳಿದವು ಪೂರ್ತಿ ಕ್ರಮದಲ್ಲಿರಬೇಕಾಗಿಲ್ಲ.

ಹೊರಗಿರುವ ಒಂದೊಂದು ಊರಿಗೂ ಹೀಪ್‌ನಲ್ಲಿ ಒಂದೇ ಮನೆ. ಜಾಲದಿಂದ ಆ ಊರಿಗೆ ಈವರೆಗೆ ಕಂಡ ಅತಿ ಚಿಕ್ಕ ತಂತಿಯ ಉದ್ದ ಅದರಲ್ಲಿರುತ್ತದೆ. ಈಗ ಕ ಊರಿನಿಂದ ಹೊರಡೋಣ.

ಮೊದಲು ಮನೆಗಳಲ್ಲಿ ಖ4, ಗ7, ಘ9 ಇವೆ. ಖ ಹೊರಬಂದು ಜಾಲಕ್ಕೆ ಸೇರುತ್ತದೆ. ಕೊನೆಯ ಮನೆಯ ಘ9 ಖಾಲಿಯಾದ 1ನೇ ಮನೆಗೆ ಬರುತ್ತದೆ. ಅದು 7ಕ್ಕಿಂತ ದೊಡ್ಡದಾದುದರಿಂದ ಕೆಳಗಿಳಿಯುತ್ತದೆ. ಈಗ ಗ7, ಘ9.

ಖ ಊರಿನಿಂದ ಗ ಊರಿಗೆ 2 ಮಾತ್ರ. ಹಾಗಾಗಿ ಗ7 ಎಂಬುದು ಗ2 ಆಗುತ್ತದೆ. ಚ8 ಹೊಸದಾಗಿ ಕೊನೆಯ ಮನೆಗೆ ಬರುತ್ತದೆ. ಮನೆಗಳಲ್ಲಿ ಗ2, ಘ9, ಚ8 ಇವೆ. ಗ ಹೊರಬರುತ್ತದೆ. ಉಳಿದದ್ದು ಚ8, ಘ9.

ಗ ಊರಿನಿಂದ ಘ ಊರಿಗೆ 5. ಆದ್ದರಿಂದ ಘ9 ಎಂಬುದು ಘ5 ಆಯಿತು. ಅದರ ಮೇಲೆ ಚ8 ಇದೆ. 5 ಚಿಕ್ಕದು, ಆದುದರಿಂದ ಎರಡೂ ಸ್ಥಳ ಬದಲಿಸಿಕೊಳ್ಳುತ್ತವೆ. ಅನಂತರ ಚ ಊರಿನ ಉದ್ದವೂ 8ರಿಂದ 6ಕ್ಕೆ ಇಳಿಯುತ್ತದೆ. ಘ5 ಹೊರಬರುತ್ತದೆ. ಘ ಊರಿನಿಂದ ಛ3 ಸಿಕ್ಕಿತು. ಅದು ಕೊನೆಯ ಮನೆಗೆ ಬಂದು, ಚ6ನ್ನು ದಾಟಿ ಮೇಲೇರಿ, ಹೊರಬರುತ್ತದೆ. ಛ–ಚ ದಾರಿ 10 ಕಿಲೋಮೀಟರು; ಅದು 6ಕ್ಕಿಂತ ದೊಡ್ಡದು, ಆದುದರಿಂದ ಬೇಡ. ಕೊನೆಗೆ ಚ6 ಹೊರಬಂದಿತು.

ಒಟ್ಟು ಉದ್ದ 4+2+5+3+6 = 20 ಕಿಲೋಮೀಟರು.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಗ ಊರಿಗೆ 2 ಎಂದು ಬರೆಯುವ ಬದಲು, ಕ ಊರಿನಿಂದಲೇ ಲೆಕ್ಕ ಹಾಕಿ 4+2 = 6 ಎಂದು ಬರೆದುಬಿಡುತ್ತಾರೆ. ಅದು ಒಂದು ಊರಿನಿಂದ ಉಳಿದ ಊರುಗಳಿಗೆ ಹತ್ತಿರದ ದಾರಿ ಹುಡುಕುವ ಲೆಕ್ಕ, ನಮ್ಮ ಲೆಕ್ಕವಲ್ಲ. ಹಾಗೆ ಮಾಡಿದರೆ ಕ–ಘ 9 ಜಾಲದೊಳಗೆ ಸೇರಿಬಿಡುತ್ತದೆ, ಒಟ್ಟು ಉದ್ದ 20ನ್ನು ಮೀರುತ್ತದೆ. ಹೀಪ್‌ನಲ್ಲಿ ಬರೆಯಬೇಕಾದುದು ಒಂದೇ ತಂತಿಯ ಉದ್ದ.

ಇನ್ನೊಂದು ವಿಧಾನವೂ ಇದೆ. ಅದನ್ನು ಕ್ರಸ್ಕಲ್ ಎಂಬ ಗಣಿತಜ್ಞರು 1956ರಲ್ಲಿ ಪ್ರಕಟಿಸಿದರು. ಎಲ್ಲ ದಾರಿಗಳನ್ನೂ ಉದ್ದದ ಏರಿಕೆ ಕ್ರಮದಲ್ಲಿ ಜೋಡಿಸಿ, ಚಿಕ್ಕದರಿಂದ ಒಂದೊಂದಾಗಿ ತೆಗೆದುಕೊಳ್ಳುತ್ತಾ, ಸುತ್ತು ಉಂಟುಮಾಡುವುದನ್ನು ಬಿಟ್ಟುಬಿಡುವುದು. ನಮ್ಮ ಊರುಗಳಲ್ಲಿ ಅದು 2, 3, 4, 5, 6 ಎಂದು ಆರಿಸುತ್ತದೆ. ಉತ್ತರ ಅದೇ 20. ಹಾಗಿದ್ದರೆ ಹೀಪ್‌ನ ಗೊಡವೆ ಏಕೆ?

ಒಂದು ದೊಡ್ಡ ಲೆಕ್ಕ ನೋಡೋಣ. 1 ಲಕ್ಷ ಊರುಗಳಿವೆ. ಪ್ರತಿ ಊರಿನಿಂದ 100 ದಾರಿಗಳಿವೆ. ಒಂದು ದಾರಿಗೆ ಎರಡು ತುದಿಗಳು, ಆದುದರಿಂದ ಒಟ್ಟು ದಾರಿಗಳು 50 ಲಕ್ಷ. ಇಷ್ಟನ್ನೂ ಒಂದನ್ನೊಂದು ಹೋಲಿಸುತ್ತಾ ಕ್ರಮವಾಗಿ ಜೋಡಿಸಲು ಸುಮಾರು 10 ಕೋಟಿ ಹೋಲಿಕೆಗಳು ಬೇಕು.

ಹೀಪ್‌ನಲ್ಲಿ ಒಮ್ಮೆಗೆ 1 ಲಕ್ಷಕ್ಕಿಂತ ಹೆಚ್ಚು ಮನೆಗಳಿರುವುದೇ ಇಲ್ಲ. ಮನೆಗಳ ಸಾಲುಗಳು 1, 2, 4, 8 ಎಂದು ಇಮ್ಮಡಿಯಾಗುತ್ತಾ ಹೋಗುವುದರಿಂದ 17 ಸಾಲುಗಳು ಸಾಕು. ಒಂದು ಸಂಖ್ಯೆ ಏರಿದರೂ ಇಳಿದರೂ ಹೆಚ್ಚೆಂದರೆ 16 ಮೆಟ್ಟಿಲು. ಪ್ರತಿ ದಾರಿಯನ್ನು ಎರಡು ತುದಿಗಳಿಂದಲೂ ನೋಡಿದರೆ 1 ಕೋಟಿ ನೋಟಗಳು. ಆದರೆ ಬಹುತೇಕ ಸಲ ನೋಡಿದ ದಾರಿ ಉದ್ದವಾಗಿರುತ್ತದೆ, ಇಲ್ಲವೆ ಆ ಊರು ಆಗಲೇ ಒಳಗಿರುತ್ತದೆ. ಆಗ ಹೀಪ್‌ನಲ್ಲಿ ಏನೂ ಬದಲಾಗುವುದಿಲ್ಲ. ಉದ್ದಗಳು ಯಾವ ಕ್ರಮವೂ ಇಲ್ಲದೆ ಹರಡಿದ್ದರೆ, ಒಂದು ಊರಿನ ಸಂಖ್ಯೆ ಸರಾಸರಿ ಐದಾರು ಬಾರಿ ಬದಲಾಗಬಹುದು, ಅಷ್ಟೆ. ಎಲ್ಲವನ್ನೂ ಕೂಡಿಸಿದರೂ ಕೆಲಸ ಎರಡು ಕೋಟಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಹೀಪ್ ಇಲ್ಲದೆ, ಪ್ರತಿ ಬಾರಿಯೂ ಹೊರಗಿನ ಊರುಗಳನ್ನೆಲ್ಲ ನೋಡುತ್ತಾ ಹೋಗಿದ್ದರೆ ಸುಮಾರು 500 ಕೋಟಿ ನೋಟಗಳು ಬೇಕಾಗುತ್ತಿದ್ದವು!

ಹಾಗೆಂದು ಹೀಪ್ ಯಾವಾಗಲೂ ಗೆಲ್ಲುವುದಿಲ್ಲ. ಪ್ರತಿ ಊರಿಗೆ ಮೂರೇ ದಾರಿಗಳಿದ್ದರೆ ಒಟ್ಟು ಒಂದೂವರೆ ಲಕ್ಷ ದಾರಿಗಳಷ್ಟೆ. ಅವನ್ನು ಜೋಡಿಸಲು ಸುಮಾರು 24 ಲಕ್ಷ ಹೋಲಿಕೆಗಳು ಸಾಕು. ಹೀಪ್‌ನಿಂದ 1 ಲಕ್ಷ ಊರುಗಳನ್ನು ಹೊರತೆಗೆಯಲು ಅದಕ್ಕಿಂತ ಕಡಿಮೆ ಕೆಲಸವೇನೂ ಆಗದು. ದಾರಿಗಳ ಪಟ್ಟಿ ಮೊದಲೇ ಏರಿಕೆ ಕ್ರಮದಲ್ಲಿ ಸಿಕ್ಕರಂತೂ ಕ್ರಸ್ಕಲ್ ವಿಧಾನವೇ ಮೇಲು. ಪ್ರತಿ ಊರಿಗೂ ಉಳಿದ ಎಲ್ಲ ಊರುಗಳಿಂದ ದಾರಿ ಇದ್ದರೆ, ಹೀಪ್ ಇಲ್ಲದ ಸಾದಾ ಪಟ್ಟಿಯಿಂದಲೇ ಪ್ರಿಮ್ ವಿಧಾನ ಚೆನ್ನಾಗಿ ನಡೆಯುತ್ತದೆ. ಏಕೆಂದರೆ ಆಗ ದಾರಿಗಳನ್ನು ನೋಡುವುದೇ ಅಷ್ಟು ದೊಡ್ಡ ಕೆಲಸವಾಗಿರುತ್ತದೆ. ಊರುಗಳು ಬಹಳ, ದಾರಿಗಳು ಅದಕ್ಕಿಂತ ಹಲವು ಪಟ್ಟು, ಆದರೆ ಎಲ್ಲ ಜೋಡಿಗಳ ನಡುವೆಯೂ ಇಲ್ಲ: ಇಂಥ ಕಡೆ ಹೀಪ್ ತನ್ನ ಬಲ ತೋರಿಸುತ್ತದೆ.

ನೀವೇ ಮಾಡಿ ನೋಡಿ: ನಮ್ಮ ಆರು ಊರುಗಳಲ್ಲಿ ಈ ಬಾರಿ ಚ ಊರಿನಿಂದ ಪ್ರಾರಂಭಿಸಿ. ಊರಿನ ಹೆಸರು ಮತ್ತು ಉದ್ದವನ್ನು ಕಾಗದದ ಚೀಟಿಗಳಲ್ಲಿ ಬರೆದು, ಮನೆಗಳಂತೆ ಜೋಡಿಸಿ. ಪ್ರತಿ ಹೆಜ್ಜೆಯ ಅನಂತರ ಮೇಲಿನ ಚೀಟಿ ಕೆಳಗಿನವುಗಳಿಗಿಂತ ದೊಡ್ಡದಾಗಿಲ್ಲವೆಂದು ಪರೀಕ್ಷಿಸಿ. ತಂತಿಗಳು 6, 2, 4, 5, 3 ಎಂಬ ಕ್ರಮದಲ್ಲಿ ಬರಬೇಕು. ಕ್ರಮ ಬೇರೆ, ಆದರೆ ತಂತಿಗಳು ಅವೇ ಐದು. ಎಲ್ಲರೂ ಸೇರುವ ಮೊದಲೇ ಚೀಟಿಗಳು ಮುಗಿದುಹೋದರೆ, ಒಂದೋ ನೀವು ಯಾವುದೋ ದಾರಿಯನ್ನು ಬಿಟ್ಟಿದ್ದೀರಿ, ಇಲ್ಲವೆ ಆ ಊರಿಗೆ ದಾರಿಯೇ ಇಲ್ಲ ಎಂದು ತಿಳಿಯಿರಿ.