ಕನಕನ ಕಡಗ, ಮೂರು ಬೈಟಿನಲ್ಲಿ

‘ಕನಕನ ಕಡಗ’ ಎಂದು ಟೈಪ್ ಮಾಡಿ ಉಳಿಸಿದರೆ ಕಂಪ್ಯೂಟರು ಅದಕ್ಕೆ 22 ಬೈಟ್ ಜಾಗ ಕೊಡುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್, ನಡುವಿನ ಖಾಲಿ ಜಾಗಕ್ಕೆ ಒಂದು. ಬಿಟ್ ಲೆಕ್ಕದಲ್ಲಿ 176. ಇದೇ ಮಾತು 18 ಬಿಟ್‌ಗಳಲ್ಲಿ ಹಿಡಿಯುತ್ತದೆ.

ದಾರಿ ತೋರಿಸಿದವನು ಡೇವಿಡ್ ಹಫ್‌ಮನ್. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಫ್ಯಾನೊ ಅವರ ತರಗತಿಯ ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆ ಬರೆಯುವ ಬದಲು ಈ ಸಮಸ್ಯೆಯನ್ನು ಕೈಗೆತ್ತಿಕೊಂಡ. ಆವರೆಗೆ ಫ್ಯಾನೊ ಮೊದಲಾದವರು ಅಕ್ಷರಗಳ ಗುಂಪನ್ನು ಮೇಲಿನಿಂದ ಒಡೆಯುತ್ತಾ ಬರುತ್ತಿದ್ದರು. ಹಫ್‌ಮನ್ ಕೆಳಗಿನಿಂದ ಕಟ್ಟಿದ. ತೀರಾ ಅಪರೂಪದ ಎರಡನ್ನು ಜೋಡಿಸು, ಆ ಜೋಡಿಯನ್ನೇ ಒಂದು ಅಕ್ಷರ ಎಂದುಕೊಂಡು ಮತ್ತೆ ಅದನ್ನೇ ಮಾಡು. ಇಷ್ಟೇ.

ನಮ್ಮ ಮಾತಿನಲ್ಲಿ ‘ಕ’ ಮೂರು ಸಲ, ‘ನ’ ಎರಡು ಸಲ, ಖಾಲಿ ಜಾಗ, ‘ಡ’, ‘ಗ’ ಒಂದೊಂದು ಸಲ ಬಂದಿವೆ. ಸಿ ಭಾಷೆಯಲ್ಲಿ ಬರೆಯುವವರು ಇವನ್ನು ಪ್ರಯಾರಿಟಿ ಕ್ಯೂಗೆ ಹಾಕುತ್ತಾರೆ. ಇಲ್ಲಿ ಮೊದಲು ಬಂದವರಿಗೆ ಮೊದಲ ಸರದಿಯಲ್ಲ, ಹಗುರವಾದದ್ದಕ್ಕೆ ಮೊದಲ ಸರದಿ. ಖಾಲಿ ಜಾಗ ಮತ್ತು ‘ಡ’ ಹೊರಬಂದು ಸೇರಿ 2 ತೂಕದ ಜೋಡಿಯಾಗಿ ಒಳಹೋಗುತ್ತವೆ. ಆಮೇಲೆ ‘ಗ’ ಮತ್ತು ‘ನ’ ಸೇರಿ 3. ಮೊದಲ ಜೋಡಿ ‘ಕ’ ಜೊತೆ ಸೇರಿ 5. ಕೊನೆಗೆ 3 ಮತ್ತು 5 ಸೇರಿದರೆ ಮರ ಪೂರ್ತಿ. ಬುಡದಿಂದ ಎಡಕ್ಕೆ ತಿರುಗಿದರೆ 0, ಬಲಕ್ಕೆ 1 ಎಂದು ಓದಿಕೊಂಡು ಹೋದರೆ ಗ=00, ನ=01, ಕ=11, ಖಾಲಿ ಜಾಗ=100, ಡ=101. ಯಾವ ಸಂಕೇತವೂ ಇನ್ನೊಂದರ ಆರಂಭವಲ್ಲ. ಹಾಗಾಗಿ ನಡುವೆ ಅಲ್ಪವಿರಾಮ ಹಾಕದೆ ಸಾಲಾಗಿ ಬರೆದರೂ ಬಿಡಿಸಿ ಓದಬಹುದು.

```
11011101 10011101 00
```

ಕಷ್ಟ ಇಲ್ಲಿಂದ ಶುರು. ಸಿ ಭಾಷೆಯಲ್ಲಿ ಕಡತಕ್ಕೆ ಒಂದೇ ಒಂದು ಬಿಟ್ ಬರೆಯುವ ಸೌಲಭ್ಯವೇ ಇಲ್ಲ. ಬರೆದರೆ ಒಂದು ಬೈಟ್, ಅಂದರೆ ಎಂಟು ಬಿಟ್ ಒಟ್ಟಿಗೆ. ಅದಕ್ಕೇ ಬಿಟ್‌ಗಳನ್ನು ಒಂದು ಚಿಕ್ಕ ಬುಟ್ಟಿಯಲ್ಲಿ ಕೂಡಿಟ್ಟು, ಎಂಟು ತುಂಬಿದಾಗ ಸುರಿಯಬೇಕು.

```c
static unsigned char buf;
static int n;

void put_bit(int b, FILE *f) {
    buf = (buf << 1) | b;
    if (++n == 8) {
        fputc(buf, f);
        buf = 0;
        n = 0;
    }
}
```

ಮೊದಲ ಹದಿನಾರು ಬಿಟ್‌ಗಳು ಎರಡು ಬೈಟ್‌ಗಳಾಗಿ ಹೋದವು. ‘ಗ’ದ 00 ಮಾತ್ರ ಬುಟ್ಟಿಯಲ್ಲೇ ಉಳಿಯಿತು. ಅಲ್ಲಿಗೇ ಕಡತ ಮುಚ್ಚಿದರೆ ಕಡಗದ ‘ಗ’ ಹೋದ ಹಾಗೆಯೇ. ಆದ್ದರಿಂದ ಆರು ಸೊನ್ನೆ ಸೇರಿಸಿ ಮೂರನೆಯ ಬೈಟನ್ನೂ ತುಂಬಿಸುತ್ತೇವೆ. ಆದರೆ ನಮ್ಮ ಕೋಷ್ಟಕದಲ್ಲಿ 00 ಎಂದರೆ ‘ಗ’! ಬಿಡಿಸುವ ಪ್ರೋಗ್ರಾಂ ಆ ಆರು ಸೊನ್ನೆಗಳನ್ನೂ ನಂಬಿ ‘ಕನಕನ ಕಡಗಗಗಗ’ ಎಂದು ಓದಿಬಿಡುತ್ತದೆ. ಹಿಂಡಿದ ಕಡತದ ಕೊನೆಯಲ್ಲಿ ಹೀಗೆ ಒಂದೇ ಅಕ್ಷರ ಬಾಲದಂತೆ ಬೆಳೆದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಪರಿಹಾರ ಸುಲಭ: ಒಟ್ಟು ಎಷ್ಟು ಅಕ್ಷರ ಎಂಬುದನ್ನು ಕಡತದ ತಲೆಯಲ್ಲೇ ಬರೆದಿಟ್ಟು, ಬಿಡಿಸುವಾಗ ಎಂಟಕ್ಕೆ ನಿಲ್ಲಿಸುವುದು.

ಎರಡನೆಯ ತಪ್ಪು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಸದ್ದು ಮಾಡುವುದಿಲ್ಲ. ಮರ ಕಟ್ಟುವಾಗ ‘ಗ’ದ ಜೊತೆಗೆ ‘ನ’ವನ್ನು ತೆಗೆದುಕೊಂಡೆವಲ್ಲ, ಆಗ ಸರದಿಯಲ್ಲಿ ಅಷ್ಟೇ ತೂಕದ ಇನ್ನೊಂದೂ ಇತ್ತು: ಖಾಲಿ ಜಾಗ ಮತ್ತು ‘ಡ’ದ ಜೋಡಿ. ಅದನ್ನು ಆರಿಸಿದ್ದರೂ ಒಟ್ಟು 18 ಬಿಟ್ಟೇ ಆಗುತ್ತಿತ್ತು; ಆದರೆ ನ=10, ಖಾಲಿ ಜಾಗ=010, ಡ=011 ಎಂದು ಸಂಕೇತಗಳೇ ಬೇರೆಯಾಗುತ್ತಿದ್ದವು. ಕಡತದಲ್ಲಿ ಮರವನ್ನು ಇಡದೆ ಎಣಿಕೆಯನ್ನಷ್ಟೇ ಇಟ್ಟು, ಬಿಡಿಸುವಾಗ ಮರವನ್ನು ಮತ್ತೆ ಕಟ್ಟಿಕೊಳ್ಳುವುದು ರೂಢಿ. ಆಗ ಅಲ್ಲಿನ ಕ್ಯೂ ಈ ಎರಡನೆಯ ಆಯ್ಕೆ ಮಾಡಿದರೆ ಅವೇ ಬಿಟ್‌ಗಳು ‘ಕಡನಕಗಕನನ’ ಎಂದು ಹೊರಬರುತ್ತವೆ. ಎಣಿಸಿ ನೋಡಿ, ಸರಿಯಾಗಿ ಎಂಟು ಅಕ್ಷರ. ಪ್ರೋಗ್ರಾಂ ಯಾವ ದೂರೂ ಹೇಳದೆ ಕೆಲಸ ಮುಗಿಸುತ್ತದೆ.

ಆದ್ದರಿಂದ ತೂಕ ಸಮವಾದಾಗ ಯಾರು ಮುಂದೆ ಎಂಬುದನ್ನು ಕ್ಯೂವಿನ ಅದೃಷ್ಟಕ್ಕೆ ಬಿಡಬಾರದು. ಪ್ರತಿಯೊಂದಕ್ಕೂ ಹುಟ್ಟಿದ ಕ್ರಮದ ಸಂಖ್ಯೆ ಕೊಟ್ಟು, ಹಿರಿಯದಕ್ಕೆ ಮೊದಲ ಸರದಿ ಎಂದು ಬರೆದಿಡಬೇಕು:

```c
int less(const Node *a, const Node *b) {
    if (a->freq != b->freq)
        return a->freq < b->freq;
    return a->order < b->order;
}
```

ಈ ಒಂದು ಸಾಲು ಎರಡೂ ಕಡೆ ಒಂದೇ ಮರ ಬೆಳೆಸುತ್ತದೆ.

ಲೆಕ್ಕದ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಎಣಿಕೆಯ ಕೋಷ್ಟಕಕ್ಕೂ ಜಾಗ ಬೇಕು. 256 ಬೈಟ್ ಬೆಲೆಗಳಿಗೂ ನಾಲ್ಕು ನಾಲ್ಕು ಬೈಟಿನ ಎಣಿಕೆ ಇಟ್ಟರೆ 1,024 ಬೈಟ್. ಕನಕನ ಕಡಗದಂಥ ಪುಟ್ಟ ಕಡತ ಕುಗ್ಗುವ ಬದಲು ಉಬ್ಬುತ್ತದೆ. ಅಲ್ಲದೆ ಸಾಮಾನ್ಯ ಪ್ರೋಗ್ರಾಂ ನಾನು ಮಾಡಿದಂತೆ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ‘ಕ’ ಅದರ ಕಣ್ಣಿಗೆ `E0 B2 95`, ‘ನ’ `E0 B2 A8`. ಕನ್ನಡದ ಪ್ರತಿ ಅಕ್ಷರವೂ `E0`ಯಿಂದಲೇ ಶುರುವಾಗುತ್ತದೆ, ಅದರ ಮುಂದೆ `B2` ಅಥವಾ `B3` ಬಂದೇ ಬರುತ್ತದೆ. ನಮಗೆ ಗೊತ್ತಿರುವ ಈ ಸಂಗತಿ ಹಫ್‌ಮನ್ ಮರಕ್ಕೆ ಗೊತ್ತಿಲ್ಲ. ಅದು ಪ್ರತಿ ಬೈಟನ್ನೂ ಒಂಟಿಯಾಗಿ ತೂಗಿ, ಪ್ರತಿಯೊಂದಕ್ಕೂ ಕನಿಷ್ಠ ಒಂದು ಬಿಟ್ ಕೊಟ್ಟೇ ತೀರುತ್ತದೆ. ಜಿಪ್ ಕಡತಗಳಲ್ಲಿ ಮೊದಲು ಮರುಕಳಿಸುವ ತುಣುಕುಗಳನ್ನು ಹುಡುಕಿ, ಆಮೇಲಷ್ಟೇ ಹಫ್‌ಮನ್ ಮರಕ್ಕೆ ಒಪ್ಪಿಸುವುದು ಅದಕ್ಕೇ.